ತಪ್ಪು ಅಳತೆಯ ಉಡುಪು ಬಂದು ವಿನಿಮಯವೂ ನಿರಾಕರಣೆಯಾದಾಗ: ಆನ್‌ಲೈನ್ ಮಾರಾಟಗಾರರಿಗೆ ದೂರು ಪತ್ರ ಬರೆಯುವ ಕ್ರಮ

ಆನ್‌ಲೈನ್‌ನಲ್ಲಿ ತರಿಸಿದ ಉಡುಪು ತಪ್ಪು ಅಳತೆಯದ್ದಾಗಿ ಬಂದು, ಮಾರಾಟಗಾರರು ಬದಲಾಯಿಸಿಕೊಡಲು ಒಪ್ಪದೆ ಹೋದಾಗ ಬರೆದ ಹಲವು ಪತ್ರಗಳನ್ನು ಪರಿಚಯಸ್ಥರಿಗಾಗಿ ನಾನು ತಿದ್ದಿಕೊಟ್ಟಿದ್ದೇನೆ. ಬಹುತೇಕ ಪತ್ರಗಳು ಒಂದೇ ವಾಕ್ಯದಲ್ಲಿ ಸೋಲುತ್ತವೆ: "ನೀವು ಕಳುಹಿಸಿದ ಬಟ್ಟೆ ನನಗೆ ಸೈಜ್ ಆಗುತ್ತಿಲ್ಲ." ಈ ಮಾತು ನಿಜವೇ ಇರಬಹುದು. ಆದರೆ ಅದನ್ನು ಓದಿದ ಮಾರಾಟಗಾರರ ಪ್ರತಿನಿಧಿಗೆ ಅರ್ಥವಾಗುವುದು "ಗ್ರಾಹಕರು ತಮ್ಮ ಅಳತೆಯನ್ನು ತಪ್ಪಾಗಿ ಆರಿಸಿಕೊಂಡಿದ್ದಾರೆ" ಎಂದು. ಅಂತಹ ದೂರಿಗೆ "ರಿಯಾಯಿತಿ ದರದ ಉಡುಪಿಗೆ ವಿನಿಮಯವಿಲ್ಲ" ಎಂಬ ಸಿದ್ಧ ಉತ್ತರ ಅವರ ಬಳಿ ಇದ್ದೇ ಇರುತ್ತದೆ. ಬರೆಯಬೇಕಾದದ್ದು "ನಾನು ಆರ್ಡರ್ ಮಾಡಿದ್ದು ಒಂದು, ನೀವು ಕಳುಹಿಸಿದ್ದು ಇನ್ನೊಂದು, ಇದನ್ನು ನಾನು ಸ್ವೀಕರಿಸುತ್ತಿಲ್ಲ" ಎಂದು. ಕೆಳಗಿನ ಎಲ್ಲ ಹಂತಗಳೂ ಈ ಒಂದು ವಾಕ್ಯಕ್ಕೆ ಆಧಾರ ಒದಗಿಸುವುದಕ್ಕಾಗಿಯೇ ಇವೆ.

ಉದಾಹರಣೆಗೆ ಶಿವಮೊಗ್ಗದಲ್ಲಿರುವ ನನ್ನ ಅತ್ತಿಗೆಯ ಪ್ರಕರಣವನ್ನೇ ಉದ್ದಕ್ಕೂ ಬಳಸಿಕೊಳ್ಳುತ್ತೇನೆ. ಅವರು ಒಂದು ಮಾರಾಟ ತಾಣದ ಮೂಲಕ 1,499 ರೂಪಾಯಿಯ ಹತ್ತಿ ಕುರ್ತಾವನ್ನು "ಎಲ್" ಅಳತೆಯಲ್ಲಿ ತರಿಸಿದ್ದರು. ಬಂದ ಪೊಟ್ಟಣದ ಮೇಲಿನ ಚೀಟಿಯಲ್ಲಿ "ಎಲ್" ಎಂದೇ ಇತ್ತು. ಒಳಗಿದ್ದ ಕುರ್ತಾದ ಕತ್ತಿನ ಪಟ್ಟಿಯಲ್ಲಿ ಮಾತ್ರ "ಎಂ" ಎಂದಿತ್ತು.

ಬೇಕಾಗುವ ಸಾಮಗ್ರಿ

ದರ್ಜಿಗಳು ಬಳಸುವ ಅಳತೆಯ ಟೇಪು, ಫೋನ್ ಕ್ಯಾಮೆರಾ, ಆರ್ಡರ್‌ಗೆ ಸಂಬಂಧಿಸಿದ ಬಿಲ್ಲು ಮತ್ತು ಉಡುಪು ಬಂದ ಪೊಟ್ಟಣ, ಇಷ್ಟು ಸಾಕು. ಬಿಲ್ಲು ಪೊಟ್ಟಣದಲ್ಲಿ ಇಲ್ಲದಿದ್ದರೆ ಆ್ಯಪ್‌ನ ಆರ್ಡರ್ ಪುಟದಿಂದ ಇಳಿಸಿಕೊಳ್ಳಿ. ಪೊಟ್ಟಣದ ಪ್ಲಾಸ್ಟಿಕ್ ಚೀಲವನ್ನು ಕಸಕ್ಕೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಆರ್ಡರ್ ಸಂಖ್ಯೆ, ಮಾರಾಟಗಾರರ ವಿಳಾಸ ಮತ್ತು ಎಷ್ಟೋ ಸಲ ಅಳತೆಯೂ ಇರುತ್ತದೆ.

ಹಂತ 1: ನಿಮ್ಮದು ಯಾವ ಬಗೆಯ ದೂರು ಎಂದು ಮೊದಲು ನಿರ್ಧರಿಸಿ

"ತಪ್ಪು ಅಳತೆ" ಎಂಬ ಒಂದೇ ಮಾತಿನ ಒಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ, ಮತ್ತು ಅವುಗಳಿಗೆ ಸಿಗುವ ಕಾನೂನಿನ ಬಲವೂ ಬೇರೆ ಬೇರೆ.

ಮೊದಲನೆಯದು, ಆರ್ಡರ್ ಮಾಡಿದ ಅಳತೆ ಒಂದು, ಉಡುಪಿನ ಪಟ್ಟಿಯಲ್ಲಿರುವ ಅಳತೆ ಇನ್ನೊಂದು. ಅತ್ತಿಗೆಯದ್ದು ಇದೇ ಬಗೆ, ಮತ್ತು ಮೂರರಲ್ಲಿ ಅತ್ಯಂತ ಗಟ್ಟಿಯಾದದ್ದೂ ಇದೇ.

ಎರಡನೆಯದು, ಪಟ್ಟಿಯಲ್ಲಿ ಸರಿಯಾದ ಅಳತೆಯೇ ಇದೆ, ಆದರೆ ಟೇಪು ಹಿಡಿದು ನೋಡಿದರೆ ಉಡುಪು ಮಾರಾಟಗಾರರೇ ಪ್ರಕಟಿಸಿದ ಅಳತೆ ಪಟ್ಟಿಗೆ ಹೊಂದುವುದಿಲ್ಲ. ಇದೂ ಒಳ್ಳೆಯ ದೂರೇ ಆಗಿದ್ದರೂ, ಅಳತೆಯ ಫೋಟೋಗಳಿಲ್ಲದೆ ನಿಲ್ಲುವುದಿಲ್ಲ.

ಮೂರನೆಯದು, ಪಟ್ಟಿಯೂ ಸರಿ, ಅಳತೆಯೂ ಸರಿ, ಆದರೆ ಉಡುಪು ನಮಗೆ ಬಿಗಿಯಾಗಿದೆ ಅಥವಾ ಸಡಿಲವಾಗಿದೆ. ಇಲ್ಲಿ ಮಾರಾಟಗಾರರ ತಪ್ಪಿಲ್ಲ. ಅವರ ವಿನಿಮಯ ನೀತಿಯಲ್ಲಿ ಎಷ್ಟು ಅವಕಾಶವಿದೆಯೋ ಅಷ್ಟನ್ನು ಮಾತ್ರ ಕೇಳಬಹುದು. ಉತ್ಪನ್ನದ ಪುಟದಲ್ಲಿ "7 ದಿನಗಳೊಳಗೆ ವಿನಿಮಯ" ಎಂದು ಬರೆದಿದ್ದರೆ ಆ ಮಾತಿಗೆ ಅವರನ್ನು ಬದ್ಧರಾಗಿಸಬಹುದು, ಬರೆದಿಲ್ಲದಿದ್ದರೆ ಕೆಳಗೆ ಕೊಟ್ಟಿರುವ ಪತ್ರ ಕೆಲಸಕ್ಕೆ ಬಾರದು. ಮೂರನೆಯ ಬಗೆಯ ದೂರನ್ನು ಮೊದಲನೆಯದರಂತೆ ಬರೆಯಲು ದಯವಿಟ್ಟು ಹೋಗಬೇಡಿ. ಅದು ಸುಳ್ಳು ದೂರಾಗುತ್ತದೆ, ಮತ್ತು ಒಂದು ಫೋಟೋ ಕೇಳಿದ ಕೂಡಲೇ ಬಯಲಾಗುತ್ತದೆ.

ಹಂತ 2: ಉಡುಪನ್ನು ಬಂದ ಸ್ಥಿತಿಯಲ್ಲೇ ಇಡಿ

ತೊಳೆಯಬೇಡಿ, ಇಸ್ತ್ರಿ ಮಾಡಬೇಡಿ, ಟ್ಯಾಗ್ ಕತ್ತರಿಸಬೇಡಿ, "ಸದ್ಯಕ್ಕೆ ಹಾಕಿಕೊಳ್ಳೋಣ" ಎಂದು ಒಂದು ದಿನವೂ ತೊಡಬೇಡಿ. ಒಮ್ಮೆ ಮೈಗೆ ಹಾಕಿ ನೋಡಿ ತೆಗೆದಿಡುವುದು ಪರಿಶೀಲನೆ, ಅದಕ್ಕೆ ಅಡ್ಡಿಯಿಲ್ಲ. ಹೊಲಿಗೆ ಬಿಚ್ಚಿಸಿ ದರ್ಜಿಯ ಬಳಿ ಸಡಿಲ ಮಾಡಿಸಿಕೊಂಡರೆ ಮಾತ್ರ ದೂರು ಅಲ್ಲಿಗೇ ಮುಗಿಯಿತು.

1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಖರೀದಿದಾರರಿಗೆ ಸರಕನ್ನು ಪರಿಶೀಲಿಸಲು ಸೂಕ್ತ ಅವಕಾಶ ಸಿಗಬೇಕು. ಆದರೆ ಸರಕನ್ನು ಬಳಸತೊಡಗಿದರೆ, ಅಥವಾ ತಿರಸ್ಕರಿಸಿದ್ದೇವೆಂದು ತಿಳಿಸದೆ ಬಹಳ ದಿನ ಇಟ್ಟುಕೊಂಡರೆ, ಅದನ್ನು ಸ್ವೀಕರಿಸಿದಂತೆಯೇ ಲೆಕ್ಕವಾಗುತ್ತದೆ. ಹತ್ತಿಯ ಉಡುಪಿನ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇದೆ: ಮೊದಲ ಒಗೆತದಲ್ಲೇ ಅದು ಕುಗ್ಗಬಹುದು, ಮತ್ತು ಆಮೇಲೆ ತೆಗೆದ ಯಾವ ಅಳತೆಯನ್ನೂ ಮಾರಾಟಗಾರರು ಒಪ್ಪುವುದಿಲ್ಲ.

ಹಂತ 3: ಅಳತೆ ತೆಗೆದು ಸಾಕ್ಷ್ಯ ಸಿದ್ಧಪಡಿಸಿ

ಕುರ್ತಾವನ್ನು ಮೇಜಿನ ಮೇಲೆ ಅಥವಾ ನೆಲದ ಚಾಪೆಯ ಮೇಲೆ ಸುಕ್ಕಿಲ್ಲದಂತೆ ಹರಡಿ, ಎಳೆಯದೆ, ಗುಂಡಿಗಳನ್ನು ಹಾಕಿ ಇಡಿ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದು ಕಂಕುಳಿನ ಹೊಲಿಗೆಯವರೆಗೆ ಟೇಪು ಹಿಡಿಯಿರಿ. ಬಂದ ಅಳತೆಯನ್ನು ಎರಡರಿಂದ ಗುಣಿಸಿದರೆ ಉಡುಪಿನ ಎದೆ ಸುತ್ತಳತೆ ಸಿಗುತ್ತದೆ. ಅತ್ತಿಗೆಯ ಕುರ್ತಾ ಹೀಗೆ 20 ಅಂಗುಲ ಬಂತು, ಅಂದರೆ ಸುತ್ತಳತೆ 40 ಅಂಗುಲ. ಉತ್ಪನ್ನದ ಪುಟದಲ್ಲಿದ್ದ ಅಳತೆ ಪಟ್ಟಿಯಲ್ಲಿ "ಎಂ" ಎದುರು 40 ಎಂದೂ "ಎಲ್" ಎದುರು 42 ಎಂದೂ ಇತ್ತು. ಕತ್ತಿನ ಪಟ್ಟಿ ಹೇಳಿದ್ದನ್ನೇ ಟೇಪು ಕೂಡ ಹೇಳಿತು.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಕೆಲವು ಅಳತೆ ಪಟ್ಟಿಗಳು ಉಡುಪಿನ ಅಳತೆಯನ್ನು ಕೊಡುತ್ತವೆ, ಕೆಲವು ತೊಡುವವರ ದೇಹದ ಅಳತೆಯನ್ನು ಕೊಡುತ್ತವೆ. ದೇಹದ ಎದೆ ಸುತ್ತಳತೆ 38 ಇರುವವರಿಗೆ ಉಡುಪು ಅದಕ್ಕಿಂತ ಕೆಲವು ಅಂಗುಲ ಹೆಚ್ಚೇ ಇರಬೇಕು, ಇಲ್ಲದಿದ್ದರೆ ಕೈ ಎತ್ತಲೂ ಆಗದು. ಪಟ್ಟಿಯ ಮೇಲೆ ಯಾವುದು ಎಂದು ಬರೆದಿದೆಯೋ ಅದನ್ನು ಓದಿ, ಅದಕ್ಕೆ ತಕ್ಕಂತೆ ಹೋಲಿಸಿ. ದೇಹದ ಅಳತೆಯ ಪಟ್ಟಿಯೊಂದಿಗೆ ಉಡುಪಿನ ಅಳತೆಯನ್ನು ಹೋಲಿಸಿ ಬರೆದ ಪತ್ರವನ್ನು ಮಾರಾಟಗಾರರು ಒಂದೇ ಸಾಲಿನಲ್ಲಿ ತಳ್ಳಿಹಾಕಬಲ್ಲರು. ಹಾಗೆಯೇ, ಅರ್ಧ ಅಂಗುಲದ ವ್ಯತ್ಯಾಸ ಹೊಲಿಗೆಯಲ್ಲಿ ಸಹಜ ಎಂದು ವಾದಿಸುವುದು ಅವರಿಗೆ ಸುಲಭ, ಆದ್ದರಿಂದ ಅಷ್ಟರ ಮೇಲೆಯೇ ದೂರು ನಿಲ್ಲಿಸಬೇಡಿ.

ನಂತರ ಈ ಚಿತ್ರಗಳನ್ನು ತೆಗೆಯಿರಿ: ಕತ್ತಿನ ಪಟ್ಟಿ ಹತ್ತಿರದಿಂದ, ಟೇಪಿನ ಸೊನ್ನೆ ಮತ್ತು ಕೊನೆಯ ಅಂಕಿ ಎರಡೂ ಕಾಣುವಂತೆ ಹರಡಿದ ಉಡುಪು, ಪೊಟ್ಟಣದ ಚೀಟಿ, ಮತ್ತು ಪೊಟ್ಟಣ, ಬಿಲ್ಲು, ಉಡುಪು ಮೂರೂ ಒಟ್ಟಿಗೆ ಇರುವ ಒಂದು ಚಿತ್ರ. ಈ ಕೊನೆಯದನ್ನು ಬಿಟ್ಟರೆ "ಇದು ನಾವು ಕಳುಹಿಸಿದ ಕುರ್ತಾ ಅಲ್ಲ" ಎಂಬ ಉತ್ತರ ಬರಬಹುದು. ಆ್ಯಪ್‌ನಿಂದ ಆರ್ಡರ್ ವಿವರ, ಅಳತೆ ಪಟ್ಟಿ, ವಿನಿಮಯ ನೀತಿ ಮತ್ತು ನಿರಾಕರಣೆಯ ಸಂದೇಶ ಇವುಗಳ ಸ್ಕ್ರೀನ್‌ಶಾಟ್‌ಗಳನ್ನು ಅದೇ ದಿನ ತೆಗೆದಿಡಿ, ಏಕೆಂದರೆ ಉತ್ಪನ್ನದ ಪುಟ ಯಾವಾಗ ಬೇಕಾದರೂ ಬದಲಾಗಬಹುದು ಮತ್ತು ಚಾಟ್ ಕಿಟಕಿ ಮುಚ್ಚಿದ ಮೇಲೆ ಮಾತುಕತೆ ಮತ್ತೆ ಸಿಗದೇ ಹೋಗಬಹುದು.

ಪೊಟ್ಟಣ ಬಿಚ್ಚುವ ವಿಡಿಯೋ ಇಲ್ಲವೆಂದು ಹೆದರಬೇಕಾಗಿಲ್ಲ. ಸಣ್ಣ ಮಾರಾಟಗಾರರು "ವಿಡಿಯೋ ಇಲ್ಲದಿದ್ದರೆ ದೂರು ಸ್ವೀಕರಿಸುವುದಿಲ್ಲ" ಎಂದು ಬರೆದಿರುತ್ತಾರೆ. ವಿಡಿಯೋ ಇದ್ದರೆ ಸಾಕ್ಷ್ಯ ಗಟ್ಟಿಯಾಗುತ್ತದೆ ಎಂಬುದು ನಿಜ, ಆದರೆ ಇ-ವಾಣಿಜ್ಯ ನಿಯಮಗಳು ಅಂತಹ ಷರತ್ತನ್ನು ಗ್ರಾಹಕರ ಮೇಲೆ ಹೇರಿಲ್ಲ.

ಹಂತ 4: ಆ್ಯಪ್‌ನಲ್ಲಿ ಸರಿಯಾದ ಕಾರಣವನ್ನು ಆರಿಸಿ

ಪತ್ರಕ್ಕೆ ಮೊದಲು ಆ್ಯಪ್‌ನಲ್ಲಿ ಒಮ್ಮೆ ಕೋರಿಕೆ ಸಲ್ಲಿಸಿ ನಿರಾಕರಣೆ ಪಡೆದಿರಬೇಕು. ಅಲ್ಲಿ ಕಾರಣಗಳ ಪಟ್ಟಿ ತೆರೆದಾಗ "ಅಳತೆ ಹೊಂದುತ್ತಿಲ್ಲ" ಮತ್ತು "ತಪ್ಪು ವಸ್ತು ಬಂದಿದೆ" ಎಂಬ ಅರ್ಥದ ಎರಡು ಆಯ್ಕೆಗಳು ಇರುವುದುಂಟು. ಮೊದಲ ಅಥವಾ ಎರಡನೆಯ ಬಗೆಯ ದೂರಿಗೆ ಆರಿಸಬೇಕಾದದ್ದು "ತಪ್ಪು ವಸ್ತು" ಎಂಬುದನ್ನೇ.

ಅತ್ತಿಗೆ ಮೊದಲು ಆರಿಸಿದ್ದು "ಅಳತೆ ಹೊಂದುತ್ತಿಲ್ಲ" ಎಂಬುದನ್ನು. ಮರುದಿನ ಉಡುಪು ಒಯ್ಯಲು ಬಂದ ಹುಡುಗ ಬಾಗಿಲಲ್ಲೇ ನಿಂತು, ಕುರ್ತಾ ಬಿಡಿಸಿ, ಕತ್ತಿನ ಪಟ್ಟಿಯನ್ನು ತನ್ನ ಫೋನಿನ ಪರದೆಯೊಂದಿಗೆ ಹೋಲಿಸಿ ನೋಡಿದ. ಪರದೆಯಲ್ಲಿ "ಎಲ್", ಪಟ್ಟಿಯಲ್ಲಿ "ಎಂ". "ಮೇಡಂ, ಇದು ತಾಳೆ ಆಗ್ತಿಲ್ಲ, ನಾನು ತಗೊಂಡು ಹೋಗೋಕಾಗಲ್ಲ" ಎಂದು ಹೇಳಿ ಹೊರಟೇಹೋದ. ಮಾರಾಟಗಾರರ ತಪ್ಪಿನಿಂದಲೇ ಬಂದ ವ್ಯತ್ಯಾಸವು ಗ್ರಾಹಕರು ಬೇರೆ ಬಟ್ಟೆ ಹಿಂದಿರುಗಿಸುತ್ತಿದ್ದಾರೆ ಎಂಬ ಗುಮಾನಿಗೆ ಕಾರಣವಾಯಿತು. ಆ ಹುಡುಗನದ್ದು ಇದರಲ್ಲಿ ತಪ್ಪಿಲ್ಲ. ಅವನು ಪರದೆ ಹೇಳಿದ್ದನ್ನು ಮಾಡುತ್ತಾನೆ. ಅದರ ಮರುದಿನ "ರಿಯಾಯಿತಿ ದರದ ಉಡುಪಿಗೆ ವಿನಿಮಯವಿಲ್ಲ, ನಿಮ್ಮ ಕೋರಿಕೆಯನ್ನು ಮುಕ್ತಾಯಗೊಳಿಸಲಾಗಿದೆ" ಎಂಬ ಸಂದೇಶವೂ ಬಂತು.

ನೀವೂ ಈಗಾಗಲೇ ತಪ್ಪು ಕಾರಣ ಆರಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಪತ್ರದಲ್ಲಿ ಒಂದು ವಾಕ್ಯದಲ್ಲಿ ಹೇಳಿ, ನಿಜವಾದ ಕಾರಣವನ್ನು ಮುಂದಿನ ವಾಕ್ಯದಲ್ಲಿ ಬರೆಯಿರಿ.

ಹಂತ 5: ಪತ್ರ ಯಾರಿಗೆ ಹೋಗಬೇಕು ಎಂದು ಕಂಡುಕೊಳ್ಳಿ

ಆ್ಯಪ್‌ನ ಹೆಸರು ಒಂದು, ಮಾರಾಟಗಾರರ ಹೆಸರು ಇನ್ನೊಂದು. ಬಿಲ್ಲಿನಲ್ಲಿ ಮಾರಾಟಗಾರರ ಹೆಸರು, ವಿಳಾಸ ಮತ್ತು ಜಿಎಸ್‌ಟಿ ಸಂಖ್ಯೆ ನೋಡಿ. ಪತ್ರವನ್ನು ಆ ಮಾರಾಟಗಾರರಿಗೆ ಬರೆದು, ಪ್ರತಿಯನ್ನು ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ಕಳುಹಿಸಬೇಕು. ಈ ಅಧಿಕಾರಿಯನ್ನು ನೇಮಿಸುವುದೂ, ಅವರ ಹೆಸರು, ಹುದ್ದೆ ಮತ್ತು ಸಂಪರ್ಕ ವಿವರಗಳನ್ನು ತಾಣದಲ್ಲಿ ಪ್ರಕಟಿಸುವುದೂ 2020ರ ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ಪ್ರಕಾರ ಕಡ್ಡಾಯ. ತಾಣದ ಪುಟದ ತಳಭಾಗದಲ್ಲಿ, ನಿಯಮ ಮತ್ತು ಷರತ್ತುಗಳ ಕೊಂಡಿಗಳ ನಡುವೆ ಈ ವಿವರವನ್ನು ಹುಡುಕಿ. ದೂರು ತಲುಪಿದ 48 ಗಂಟೆಗಳೊಳಗೆ ಅವರು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಚಾಟ್‌ನಲ್ಲಿ ಮಾತನಾಡುವ ಗ್ರಾಹಕ ಸೇವೆಯವರು ಈ ಅಧಿಕಾರಿಯಲ್ಲ. ಅವರೊಂದಿಗೆ ಹತ್ತು ಸಲ ಚಾಟ್ ಮಾಡಿದರೂ ಅಧಿಕಾರಿಗೆ ಬರೆದಂತೆ ಆಗುವುದಿಲ್ಲ.

ಬಿಲ್ಲಿನಲ್ಲಿ ಮಾರಾಟಗಾರರ ವಿಳಾಸ ಸ್ಪಷ್ಟವಾಗಿಲ್ಲದಿದ್ದರೆ, ಮಾರಾಟ ತಾಣಕ್ಕೆ ಲಿಖಿತವಾಗಿ ಕೇಳಿ. ಖರೀದಿಯ ನಂತರ ಗ್ರಾಹಕರು ಲಿಖಿತವಾಗಿ ಕೋರಿದರೆ ಮಾರಾಟಗಾರರ ವಿಳಾಸವನ್ನೂ ಇಮೇಲನ್ನೂ ಕೊಡುವುದು ತಾಣದ ಹೊಣೆ ಎಂದು ಇದೇ ನಿಯಮಗಳು ಹೇಳುತ್ತವೆ. ಸಾಮಾಜಿಕ ಜಾಲತಾಣದ ಪುಟದ ಮೂಲಕ ವ್ಯಾಪಾರವಾಗಿ ಉಡುಪು ಮಾರುವವರಿಗೂ ನಿಯಮಗಳು ಅನ್ವಯಿಸುತ್ತವೆ. ಅಂಥವರು ಬಿಲ್ಲು ಕೊಟ್ಟಿಲ್ಲದಿದ್ದರೆ ಹಣ ಪಾವತಿಯ ದಾಖಲೆ, ಅಳತೆ ತಿಳಿಸಿದ ನಿಮ್ಮ ಸಂದೇಶ ಮತ್ತು ಅವರು ಒಪ್ಪಿದ ಉತ್ತರ, ಇವು ಮೂರೂ ಸೇರಿ ಬಿಲ್ಲಿನ ಜಾಗದಲ್ಲಿ ನಿಲ್ಲುತ್ತವೆ.

ಎಚ್ಚರದ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಗ್ರಾಹಕ ಸೇವೆಯ ಫೋನ್ ಸಂಖ್ಯೆಯನ್ನು ಹುಡುಕಾಟ ಯಂತ್ರದಲ್ಲಿ ಹುಡುಕಬೇಡಿ; ವಂಚಕರು ಹಾಕಿಟ್ಟ ನಕಲಿ ಸಂಖ್ಯೆಗಳು ಅಲ್ಲಿ ಸಿಗುತ್ತವೆ. ಬಿಲ್ಲಿನಲ್ಲಿ ಅಥವಾ ಆ್ಯಪ್‌ನ ಒಳಗೆ ಇರುವ ಸಂಖ್ಯೆಯನ್ನಷ್ಟೇ ನಂಬಿ. ಹಣ ಹಿಂದಿರುಗಿಸಲು ಯಾರಿಗೂ ನಿಮ್ಮ ಯುಪಿಐ ಪಿನ್ ಆಗಲಿ ಒಟಿಪಿ ಆಗಲಿ ಬೇಕಾಗುವುದಿಲ್ಲ, ಫೋನಿಗೆ ಹೊಸ ಆ್ಯಪ್ ಹಾಕಿಕೊಳ್ಳುವುದೂ ಬೇಕಾಗುವುದಿಲ್ಲ. ಇವುಗಳಲ್ಲಿ ಯಾವುದನ್ನು ಕೇಳಿದರೂ ಕರೆ ಕತ್ತರಿಸಿ.

ಹಂತ 6: ಪತ್ರವನ್ನು ಈ ಕ್ರಮದಲ್ಲಿ ಬರೆಯಿರಿ

ಪತ್ರ ಒಂದು ಪುಟ ಮೀರಬಾರದು. ಮೊದಲು ಏನು ಆರ್ಡರ್ ಮಾಡಿದಿರಿ, ನಂತರ ಏನು ಬಂತು, ನಂತರ ಅದನ್ನು ಹೇಗೆ ಕಂಡುಕೊಂಡಿರಿ, ಆಮೇಲೆ ಯಾವಾಗ ಕೇಳಿದಿರಿ ಮತ್ತು ಅವರು ಏನು ಉತ್ತರಿಸಿದರು, ಕೊನೆಗೆ ಕಾನೂನಿನ ಒಂದು ವಾಕ್ಯ ಮತ್ತು ನಿಮ್ಮ ಬೇಡಿಕೆ. ಹಬ್ಬಕ್ಕೆ ತೊಡಲಾಗದೆ ಹೋದ ನೋವು, ಕಸ್ಟಮರ್ ಕೇರ್‌ನವರ ಒರಟು ಮಾತು ಇವೆಲ್ಲ ಮನಸ್ಸಿಗೆ ನಾಟಿರುತ್ತವೆ, ಆದರೆ ಅವನ್ನು ಮುಂದಿಟ್ಟರೆ ಓದುವವರು ಅವುಗಳಿಗೇ ಕ್ಷಮೆ ಕೇಳಿ ಕಡತ ಮುಚ್ಚಿಬಿಡುತ್ತಾರೆ.

ಅತ್ತಿಗೆ ಕಳುಹಿಸಿದ ಪತ್ರ, ಹೆಸರು ಮತ್ತು ಸಂಖ್ಯೆಗಳನ್ನು ತೆಗೆದು, ಇಲ್ಲಿದೆ:

> ದಿನಾಂಕ: 12-06-2025
> ಸ್ಥಳ: ಶಿವಮೊಗ್ಗ
>
> ಇವರಿಂದ:
> (ಖರೀದಿದಾರರ ಹೆಸರು, ಅಂಚೆ ವಿಳಾಸ, ಆರ್ಡರ್‌ಗೆ ಬಳಸಿದ ಇಮೇಲ್ ಮತ್ತು ಫೋನ್ ಸಂಖ್ಯೆ)
>
> ಇವರಿಗೆ:
> (ಬಿಲ್ಲಿನಲ್ಲಿರುವಂತೆ ಮಾರಾಟಗಾರರ ಹೆಸರು ಮತ್ತು ವಿಳಾಸ)
>
> ಪ್ರತಿ: ಕುಂದುಕೊರತೆ ಅಧಿಕಾರಿ, (ಮಾರಾಟ ತಾಣದ ಹೆಸರು)
>
> ಮಾನ್ಯರೇ,
>
> ವಿಷಯ: ಆರ್ಡರ್ ಮಾಡಿದ "ಎಲ್" ಅಳತೆಯ ಬದಲು "ಎಂ" ಅಳತೆಯ ಕುರ್ತಾ ತಲುಪಿಸಿರುವ ಬಗ್ಗೆ ಹಾಗೂ ಸದರಿ ಕುರ್ತಾವನ್ನು ತಿರಸ್ಕರಿಸಿರುವ ಬಗ್ಗೆ.
>
> ಉಲ್ಲೇಖ: 1) ಆರ್ಡರ್ ಸಂಖ್ಯೆ ……, ದಿನಾಂಕ 03-06-2025. 2) ಬಿಲ್ಲು ಸಂಖ್ಯೆ ……. 3) ವಿನಿಮಯ ನಿರಾಕರಣೆಯ ಸಂದೇಶ, ದಿನಾಂಕ 10-06-2025.
>
> ಉಲ್ಲೇಖ (1)ರಂತೆ ನಾನು ನಿಮ್ಮಿಂದ "ಎಲ್" ಅಳತೆಯ ಒಂದು ಹತ್ತಿ ಕುರ್ತಾವನ್ನು 1,499 ರೂಪಾಯಿ ಪಾವತಿಸಿ ಖರೀದಿಸಿದ್ದೇನೆ. ಬಿಲ್ಲಿನಲ್ಲಿಯೂ ಪೊಟ್ಟಣದ ಚೀಟಿಯಲ್ಲಿಯೂ "ಎಲ್" ಎಂದೇ ನಮೂದಾಗಿದೆ.
>
> ದಿನಾಂಕ 07-06-2025ರಂದು ತಲುಪಿದ ಕುರ್ತಾದ ಕತ್ತಿನ ಪಟ್ಟಿಯಲ್ಲಿ "ಎಂ" ಎಂದಿದೆ. ಅಳೆದಾಗ ಅದರ ಎದೆ ಸುತ್ತಳತೆ 40 ಅಂಗುಲವಿದ್ದು, ಇದು ನೀವು ಪ್ರಕಟಿಸಿರುವ ಅಳತೆ ಪಟ್ಟಿಯ "ಎಂ"ಗೆ ಹೊಂದುತ್ತದೆ; "ಎಲ್" ಅಳತೆಗೆ ಅದೇ ಪಟ್ಟಿಯಲ್ಲಿ 42 ಅಂಗುಲವೆಂದಿದೆ. ಆದ್ದರಿಂದ ಇದು ನಾನು ಖರೀದಿಸಿದ ವಸ್ತುವಲ್ಲ.
>
> ದಿನಾಂಕ 08-06-2025ರಂದು ನಾನು ಆ್ಯಪ್ ಮೂಲಕ ವಿನಿಮಯ ಕೋರಿದೆ. ಆಗ ಕಾರಣವನ್ನು "ಅಳತೆ ಹೊಂದುತ್ತಿಲ್ಲ" ಎಂದು ನಮೂದಿಸಿದ್ದೆನಾದರೂ, ನಿಜವಾದ ಕಾರಣ ತಪ್ಪು ಅಳತೆಯ ಉಡುಪು ತಲುಪಿರುವುದೇ ಆಗಿದೆ. ರಿಯಾಯಿತಿ ದರದ ಉಡುಪಿಗೆ ವಿನಿಮಯವಿಲ್ಲವೆಂದು ತಿಳಿಸಿ ಉಲ್ಲೇಖ (3)ರಂತೆ ಕೋರಿಕೆಯನ್ನು ನಿರಾಕರಿಸಲಾಗಿದೆ.
>
> ಸದರಿ ಕುರ್ತಾವನ್ನು ನಾನು ಸ್ವೀಕರಿಸಿರುವುದಿಲ್ಲ. ಈ ಪತ್ರದ ಮೂಲಕ ತಿರಸ್ಕರಿಸುತ್ತಿದ್ದೇನೆ. ಅದು ಬಳಸದ, ತೊಳೆಯದ ಸ್ಥಿತಿಯಲ್ಲಿ ಟ್ಯಾಗ್ ಸಹಿತ ನನ್ನ ಬಳಿ ಇದ್ದು, ನೀವು ಯಾವಾಗ ಬೇಕಾದರೂ ನಿಮ್ಮ ವೆಚ್ಚದಲ್ಲಿ ಒಯ್ಯಬಹುದು. ಒಪ್ಪಿಕೊಂಡ ಗುಣಲಕ್ಷಣಗಳಿಗೆ ಹೊಂದದ ಸರಕನ್ನು ಹಿಂಪಡೆಯಲು ಅಥವಾ ಹಣ ಹಿಂದಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲವೆಂದು ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ನಿಯಮ 6(3) ತಿಳಿಸುತ್ತದೆ. ಸರಕು ರಿಯಾಯಿತಿ ದರದ್ದಾಗಿರುವುದು ಇದಕ್ಕೆ ವಿನಾಯಿತಿಯಲ್ಲ.
>
> ಆದ್ದರಿಂದ ಈ ಪತ್ರ ತಲುಪಿದ 15 ದಿನಗಳೊಳಗೆ ಅದೇ ಕುರ್ತಾವನ್ನು "ಎಲ್" ಅಳತೆಯಲ್ಲಿ ಕಳುಹಿಸಿಕೊಡಬೇಕೆಂದೂ, ಅದು ದಾಸ್ತಾನಿನಲ್ಲಿ ಇಲ್ಲದಿದ್ದಲ್ಲಿ 1,499 ರೂಪಾಯಿಯನ್ನು ನಾನು ಪಾವತಿಸಿದ ಖಾತೆಗೇ ಹಿಂದಿರುಗಿಸಬೇಕೆಂದೂ ಕೋರುತ್ತೇನೆ. ಉಡುಪು ಒಯ್ಯಲು ಬರುವವರಿಗೆ "ತಪ್ಪು ವಸ್ತು" ಎಂಬ ಸೂಚನೆ ನೀಡಿ ಕಳುಹಿಸಬೇಕು. ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.
>
> ಇಂತಿ ತಮ್ಮ ವಿಶ್ವಾಸಿ,
> (ಸಹಿ)
>
> ಅಡಕಗಳು: ಬಿಲ್ಲಿನ ಪ್ರತಿ; ಪೊಟ್ಟಣದ ಚೀಟಿ, ಕತ್ತಿನ ಪಟ್ಟಿ ಮತ್ತು ಟೇಪಿನ ಅಳತೆಯ ಚಿತ್ರಗಳು; ಅಳತೆ ಪಟ್ಟಿ ಹಾಗೂ ನಿರಾಕರಣೆ ಸಂದೇಶದ ಸ್ಕ್ರೀನ್‌ಶಾಟ್‌ಗಳು.

ಈ ಪತ್ರದಲ್ಲಿ ಬಿಡಬಾರದ ವಾಕ್ಯ "ಈ ಪತ್ರದ ಮೂಲಕ ತಿರಸ್ಕರಿಸುತ್ತಿದ್ದೇನೆ" ಎಂಬುದು. ಸರಕು ಮಾರಾಟ ಕಾಯ್ದೆಯ 43ನೇ ಕಲಮಿನ ಪ್ರಕಾರ, ತಿರಸ್ಕರಿಸುವ ಹಕ್ಕಿದ್ದು ಸರಕನ್ನು ತಿರಸ್ಕರಿಸಿದ ಖರೀದಿದಾರರು, ಬೇರೆ ಒಪ್ಪಂದವಿಲ್ಲದಿದ್ದರೆ, ಅದನ್ನು ತಾವೇ ಹಿಂದಿರುಗಿಸಬೇಕಾಗಿಲ್ಲ. ತಿರಸ್ಕರಿಸಿದ್ದೇನೆಂದು ಮಾರಾಟಗಾರರಿಗೆ ತಿಳಿಸಿದರೆ ಸಾಕು. "ನೀವೇ ಕೊರಿಯರ್ ಮಾಡಿ ಕಳುಹಿಸಿ, ಬಂದ ಮೇಲೆ ನೋಡೋಣ" ಎಂದು ಹೇಳುವವರಿಗೆ ಇದೇ ಉತ್ತರ. ನಿಮ್ಮ ಖರ್ಚಿನಲ್ಲಿ ಕಳುಹಿಸಿದರೆ ಉಡುಪೂ ಕೈತಪ್ಪುತ್ತದೆ, ಸಾಕ್ಷ್ಯವೂ ಕೈತಪ್ಪುತ್ತದೆ.

ನಿಮ್ಮದು ಎರಡನೆಯ ಬಗೆಯ ದೂರಾಗಿದ್ದರೆ ಕತ್ತಿನ ಪಟ್ಟಿಯ ಕುರಿತ ವಾಕ್ಯ ತೆಗೆದು, "ಕತ್ತಿನ ಪಟ್ಟಿಯಲ್ಲಿ ಎಲ್ ಎಂದಿದ್ದರೂ ಅಳೆದಾಗ ಸುತ್ತಳತೆ ಇಷ್ಟು ಬಂದಿದೆ, ನಿಮ್ಮ ಅಳತೆ ಪಟ್ಟಿಯಲ್ಲಿ ಇಷ್ಟು ಎಂದಿದೆ" ಎಂದು ಬರೆಯಿರಿ. ಆಗ "ಒಪ್ಪಿಕೊಂಡ" ಎಂಬ ಪದದ ಬದಲು "ಜಾಹೀರಾತಿನಲ್ಲಿ ತೋರಿಸಿದ" ಎಂಬುದು ಹೆಚ್ಚು ಸರಿಹೊಂದುತ್ತದೆ. ನಿಯಮದಲ್ಲಿ ಎರಡೂ ಇವೆ. ತಾಣವೇ ತನ್ನ ದಾಸ್ತಾನಿನಿಂದ ನೇರವಾಗಿ ಮಾರಿದ್ದರೆ ನಿಯಮ 6(3)ರ ಬದಲು ನಿಯಮ 7 ಅನ್ವಯಿಸುತ್ತದೆ, ಹೊಣೆ ಅದೇ.

ಬೇಡಿಕೆಯನ್ನು ಉಬ್ಬಿಸಬೇಡಿ. 1,499 ರೂಪಾಯಿಯ ಕುರ್ತಾಕ್ಕೆ ಮಾನಸಿಕ ಯಾತನೆಗೆಂದು ಲಕ್ಷ ರೂಪಾಯಿ ಕೇಳಿದ ಪತ್ರವೊಂದನ್ನು ನಾನು ನೋಡಿದ್ದೇನೆ. ಅದಕ್ಕೆ ಉತ್ತರವೇ ಬರಲಿಲ್ಲ. ಪರಿಹಾರ ಮತ್ತು ವೆಚ್ಚ ಕೇಳುವ ಜಾಗ ಆಯೋಗದ ಮುಂದೆ ಸಲ್ಲಿಸುವ ದೂರು. "24 ಗಂಟೆಯಲ್ಲಿ ಕೊಡದಿದ್ದರೆ ನೋಡಿಕೊಳ್ಳುತ್ತೇನೆ" ಎಂಬಂಥ ಮಾತೂ ಬೇಡ.

ಮಾರಾಟಗಾರರು ಹೊರ ರಾಜ್ಯದವರಾಗಿದ್ದರೆ ಇದೇ ಪತ್ರದ ಇಂಗ್ಲಿಷ್ ಪ್ರತಿಯನ್ನೂ ಜೊತೆಗೆ ಲಗತ್ತಿಸಿ. ಓದಲಾಗಲಿಲ್ಲ ಎಂಬ ನೆಪದಿಂದ ವಾರಗಳು ಹೋಗುವುದು ಹೀಗೆ ತಪ್ಪುತ್ತದೆ. ಎರಡರಲ್ಲೂ ದಿನಾಂಕ ಮತ್ತು ಅಂಕಿಗಳು ಒಂದೇ ಇರಲಿ.

ಹಂತ 7: ಕಳುಹಿಸಿ, ದಿನಾಂಕ ಬರೆದಿಡಿ

ಆರ್ಡರ್‌ಗೆ ಬಳಸಿದ ಇಮೇಲ್‌ನಿಂದಲೇ ಮಾರಾಟಗಾರರಿಗೂ ಕುಂದುಕೊರತೆ ಅಧಿಕಾರಿಗೂ ಒಟ್ಟಿಗೆ ಕಳುಹಿಸಿ. ಮಾರಾಟಗಾರರ ಇಮೇಲ್ ಸಿಗದಿದ್ದರೆ, ಅಥವಾ ಕಳುಹಿಸಿದ ಮೇಲ್ ಹಿಂದಿರುಗಿ ಬಂದರೆ, ಬಿಲ್ಲಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನೂ, ತಲುಪಿದೆ ಎಂದು ತೋರಿಸುವ ಅಂಚೆ ಇಲಾಖೆಯ ಪುಟದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಿ.

ಅತ್ತಿಗೆಯ ಡೈರಿಯಲ್ಲಿ ಮೂರು ದಿನಾಂಕಗಳನ್ನು ಬರೆಸಿದ್ದೆ: ಇಮೇಲ್ ಹೋದ ಜೂನ್ 12, ಸ್ವೀಕೃತಿ ಬರಬೇಕಾದ ಜೂನ್ 14, ಪರಿಹಾರಕ್ಕೆ ಕೊನೆಯ ದಿನವಾದ ಜುಲೈ 12. ಪತ್ರದಲ್ಲಿ ನಾವು ಕೊಟ್ಟ 15 ದಿನ ನಮ್ಮ ಕೋರಿಕೆ ಮಾತ್ರ, ನಿಯಮ ಕೊಟ್ಟ ಗಡುವು ಒಂದು ತಿಂಗಳು. ಈ ವ್ಯತ್ಯಾಸವನ್ನು ಮರೆತು 16ನೇ ದಿನವೇ ಆಯೋಗಕ್ಕೆ ಓಡಬೇಕಾಗಿಲ್ಲ.

ಹಂತ 8: ಬಂದ ಉತ್ತರವನ್ನು ಓದುವುದು

ದೂರಿನ ಸಂಖ್ಯೆಯೊಂದಿಗೆ ಸ್ವೀಕೃತಿ ಬಂದರೆ ಆ ಸಂಖ್ಯೆಯನ್ನು ಮುಂದಿನ ಪ್ರತಿ ಪತ್ರದ ಉಲ್ಲೇಖದಲ್ಲಿ ಬರೆಯಿರಿ. ಮಾತುಕತೆ ಹಾದಿ ತಪ್ಪುತ್ತಿದೆ ಎಂದು ತಿಳಿಸುವ ಉತ್ತರಗಳು ಕೆಲವಿವೆ.

"ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ಸಂದೇಶ, ಏನೂ ಪರಿಹಾರವಾಗದೆಯೇ ಬಂದರೆ, ಸುಮ್ಮನಿರಬೇಡಿ. ಅದೇ ಮೇಲ್‌ಗೆ ಉತ್ತರವಾಗಿ "ಪರಿಹಾರವಾಗಿಲ್ಲ, ಬದಲಿ ಉಡುಪಾಗಲಿ ಹಣವಾಗಲಿ ಈ ದಿನದವರೆಗೆ ಬಂದಿಲ್ಲ" ಎಂದು ಒಂದೇ ಸಾಲು ಬರೆದು ಕಳುಹಿಸಿ. ಹೊಸ ದೂರು ತೆರೆದರೆ ಒಂದು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾದಂತೆ ಅವರು ಬಿಂಬಿಸುತ್ತಾರೆ.

"ಮುಂದಿನ ಖರೀದಿಗೆ 300 ರೂಪಾಯಿ ಕೂಪನ್ ಕೊಡುತ್ತೇವೆ" ಎಂಬುದು ಇನ್ನೊಂದು ಬಗೆ. ಕೂಪನ್ ಒಪ್ಪಿಕೊಂಡರೆ ದೂರು ಇತ್ಯರ್ಥವಾದಂತೆ ಅವರ ದಾಖಲೆಯಲ್ಲಿ ಸೇರುತ್ತದೆ. ಬೇಡವಾದರೆ ಬೇಡವೆಂದು ಲಿಖಿತವಾಗಿ ತಿಳಿಸಿ, ಕೂಪನ್ ಖಾತೆಗೆ ತಾನಾಗಿ ಜಮೆಯಾಗಿದ್ದರೂ ಬಳಸಬೇಡಿ.

"ನಾವು ಕೇವಲ ವೇದಿಕೆ, ಮಾರಾಟಗಾರರೊಂದಿಗೆ ಮಾತನಾಡಿ" ಎಂದು ತಾಣ ಹೇಳಿದರೆ, ಉಡುಪಿನ ಹೊಣೆ ಮೊದಲು ಮಾರಾಟಗಾರರದ್ದೇ ಎಂಬುದು ಸರಿ. ಆದರೆ ದೂರನ್ನು ಸ್ವೀಕರಿಸಿ ಗಡುವಿನೊಳಗೆ ವಿಲೇವಾರಿ ಮಾಡುವುದು ತಾಣದ ಸ್ವಂತ ಕರ್ತವ್ಯ. ಅದನ್ನು ನೆನಪಿಸಿ.

ಹಂತ 9: ಉತ್ತರ ಬಾರದಿದ್ದರೆ

1915ಕ್ಕೆ ಕರೆ ಮಾಡಿ ಅಥವಾ consumerhelpline.gov.in ತಾಣದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ದಾಖಲಿಸಿ. ಕನ್ನಡದಲ್ಲೇ ಮಾತನಾಡಬಹುದು. ಕರೆಗೆ ಮೊದಲು ಪತ್ರವನ್ನು ಎದುರಿಗಿಟ್ಟುಕೊಳ್ಳಿ ಮತ್ತು ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಸಹಾಯವಾಣಿ ದೂರನ್ನು ಕಂಪನಿಗೆ ರವಾನಿಸಿ ಉತ್ತರ ಕೇಳುತ್ತದೆ, ಆದರೆ ಆದೇಶ ನೀಡುವ ಅಧಿಕಾರ ಅದಕ್ಕಿಲ್ಲ. ಇಲ್ಲಿಗೆ ಹೋಗಲು ಒಂದು ತಿಂಗಳು ಕಾಯಬೇಕಾಗಿಯೂ ಇಲ್ಲ; 48 ಗಂಟೆಯಲ್ಲಿ ಸ್ವೀಕೃತಿ ಬಾರದಿದ್ದರೆ ಕರೆ ಮಾಡಬಹುದು. ಅತ್ತಿಗೆಗೆ ಸ್ವೀಕೃತಿ ಬಂದದ್ದೇ ಹೀಗೆ, ಸಹಾಯವಾಣಿಯಲ್ಲಿ ದೂರು ದಾಖಲಾದ ಮೇಲೆ.

ಆಮೇಲಿನದ್ದು ಜಿಲ್ಲಾ ಆಯೋಗ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಾಟಗಾರರು ಯಾವ ಊರಿನಲ್ಲೇ ಇರಲಿ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಲೇಬೇಕೆಂದಿಲ್ಲ, ಮತ್ತು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳ ಕಾಲಾವಕಾಶವಿದೆ. ಆನ್‌ಲೈನ್ ಸಲ್ಲಿಕೆ e-jagriti.gov.in ಮೂಲಕ ಆಗುತ್ತದೆ. ಅಲ್ಲಿ ಮಾರಾಟಗಾರರನ್ನೂ ಮಾರಾಟ ತಾಣವನ್ನೂ ಎದುರುದಾರರನ್ನಾಗಿ ಸೇರಿಸಿ, ಹಂತ 3ರ ಚಿತ್ರಗಳನ್ನೂ ಹಂತ 6ರ ಪತ್ರವನ್ನೂ ತಲುಪಿದ ದಾಖಲೆಯೊಂದಿಗೆ ಲಗತ್ತಿಸಬೇಕು. ಆದರೆ ಇಷ್ಟು ಬೆಲೆಯ ಉಡುಪಿಗೆ ಆಯೋಗದ ಓಡಾಟ ಮತ್ತು ಕಾಯುವಿಕೆ ದೊಡ್ಡದೇ ಎಂಬುದನ್ನು ಲೆಕ್ಕ ಹಾಕಿ ಹೆಜ್ಜೆಯಿಡಿ. ಸ್ವೀಕೃತಿಯ ನಂತರದ ವಾರದಲ್ಲಿ ಅತ್ತಿಗೆಯ ಮನೆಗೆ ಬಂದವರ ಫೋನಿನಲ್ಲಿ "ತಪ್ಪು ವಸ್ತು" ಎಂದಿತ್ತು; ಅವರು ಕುರ್ತಾವನ್ನು ಪಟ್ಟಿ ನೋಡಿ ಒಯ್ದರು. "ಎಲ್" ದಾಸ್ತಾನಿನಲ್ಲಿ ಇರಲಿಲ್ಲವಾದ್ದರಿಂದ 1,499 ರೂಪಾಯಿ ಅವರ ಖಾತೆಗೆ ಹಿಂದಿರುಗಿತು. ಹಣ ಜಮೆಯಾಗುವವರೆಗೆ ಪೊಟ್ಟಣದ ಚೀಟಿಯನ್ನು ಅವರು ಬಿಲ್ಲಿನ ಜೊತೆ ಪಿನ್ ಮಾಡಿ ಇಟ್ಟುಕೊಂಡಿದ್ದರು.